ಎಂಡ್ ಆದ ಮೇಲೆ ಬರೆದ ಸಾಲು

ವಾಡಿಯ ಅನಸುಬಾಯಿಗೆ ಅಂಜಿಕೆ ಹಾಲಿನ ಜೊತೆಗೇ ಇಳಿದದ್ದು ಎಂದು ಅವಳ ತಾಯಿ ಹಣಮವ್ವ ಹೇಳುತ್ತಿದ್ದಳು. ತೆಂಗಳಿಯ ಸಾಲೆಯಲ್ಲಿ ಮಾಸ್ತರರು ಲೆಕ್ಕ ಕೇಳಿದಾಗ ಇಡೀ ವರ್ಗದಲ್ಲಿ ಉತ್ತರ ಗೊತ್ತಿದ್ದವಳು ಇವಳೊಬ್ಬಳೇ. ಆದರೆ ಕೈ ಎತ್ತುತ್ತಿರಲಿಲ್ಲ. ಎತ್ತಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ! ಉತ್ತರವನ್ನು ಪಾಟಿಯ ಮೇಲೆ ಬರೆದು, ಸೆರಗಿನಿಂದ ಒರೆಸಿ, ಸುಮ್ಮನೆ ಕೂತುಬಿಡುತ್ತಿದ್ದಳು. ಮನೆಗೆ ಬಂದು ತಾಯಿಗೆ ಮಾತ್ರ ಹೇಳುತ್ತಿದ್ದಳು. "ಅಲ್ಲೇ ಹೇಳಿದ್ದರ ಬಾಯಿ ಸವದು ಹೋಗ್ತಿತ್ತೇನು ನಿಂದು? ನನಗ ಹೇಳಿದರ ನಾ ಏನು ಮಾರ್ಕು ಕೊಡ್ಲಿ?" ಎಂದು ಹಣಮವ್ವ ರೊಟ್ಟಿ ಬಡಿಯುತ್ತ ಬೈಯುತ್ತಿದ್ದಳು.

ಇಂಥವಳು ಗಣಿತದಲ್ಲಿ ಎಂ.ಎಸ್ಸಿ. ಮಾಡಿ, ವಾಡಿ ಜಂಕ್ಷನ್ನಿನ ಗೂಡ್ಸ್ ಆಫೀಸಿನ ಚಂದ್ರಾಮಪ್ಪನನ್ನು ಮದುವೆಯಾಗಿ, ಸೇಡಂನ ಪಾಲಿಟೆಕ್ನಿಕ್ಕಿಗೆ ದಿನಾ ರೈಲಿನಲ್ಲಿ ಓಡಾಡುವ ಉಪನ್ಯಾಸಕಿಯಾದದ್ದು ದೇವರ ಆಟವೇ ಸರಿ. ಹುಡುಗರು ಎಷ್ಟು ಗಲಾಟೆ ಮಾಡಿದರೂ ಬೈಯಲು ಬಾರದು. ಆದರೆ ಕರಿಹಲಗೆಯ ಕಡೆ ತಿರುಗಿ ಲೆಕ್ಕ ಬಿಡಿಸತೊಡಗಿದಳೆಂದರೆ ಗಲಾಟೆ ತಾನೇ ನಿಲ್ಲುತ್ತಿತ್ತು. ಅಷ್ಟು ಚೊಕ್ಕ ಪಾಠ.

ಎಂಬತ್ತರ ದಶಕದ ನಡುವೆ ಪಠ್ಯಕ್ಕೆ ಕಂಪ್ಯೂಟರ್ ಬಂತು. ಪಠ್ಯಕ್ಕೆ ಬಂತು, ಕಾಲೇಜಿಗೆ ಬರಲಿಲ್ಲ! ಪ್ರಿನ್ಸಿಪಾಲರು ಸುತ್ತ ನೋಡಿ, ಇಲ್ಲ ಎನ್ನಲು ಬಾರದವರು ಯಾರೆಂದು ಹುಡುಕಿ, ಅನಸುಬಾಯಿಯನ್ನು ಬೇಸಿಕ್ ಎಂಬ ಕಂಪ್ಯೂಟರ್ ಭಾಷೆಯ ತರಬೇತಿಗೆ ಕಳಿಸಿದರು. ಅಲ್ಲಿ ಒಂದೇ ಯಂತ್ರ, ಅದರ ಸುತ್ತ ಒಂದು ಹಿಂಡು ಮಾಸ್ತರರು. ಇವಳು ಎಲ್ಲರ ಹಿಂದೆ ನಿಂತಳು. "ಒತ್ತಿ ನೋಡ್ರಿ ಮೇಡಂ" ಎಂದು ಕರೆದಾಗ, ಕೆಟ್ಟರೆ ಗತಿಯೇನೆಂದು ಕೈ ಸೆರಗಿನೊಳಗೆ ಎಳೆದುಕೊಂಡಳು. ಒಂದು ಸಲ ಕಲಿಸುವವರು ಕಡೆಯಲ್ಲಿ ಏನೋ ಒಂದು ಸಾಲು ಬರೆದರು. ಬರೆದ ಸಾಲುಗಳ ಪಟ್ಟಿ ತೋರಿಸು ಎಂದು ಯಂತ್ರಕ್ಕೆ ಹೇಳಿದಾಗ ಆ ಸಾಲು ನಡುವೆ ಕಾಣಿಸಿತು. ನನ್ನ ಕಣ್ಣೇ ತಪ್ಪಿರಬೇಕು ಎಂದುಕೊಂಡಳು. ಕೇಳಲಿಲ್ಲ. ಕೇಳಿದರೆ ಎಲ್ಲರೂ ತಿರುಗಿ ನೋಡುತ್ತಾರಲ್ಲ!

ಹಾಗೆ ಯಂತ್ರ ಮುಟ್ಟದವಳು ಯಂತ್ರ ಕಾಣದವರಿಗೆ ಪಾಠ ಮಾಡಿದಳು. ಪ್ರೋಗ್ರಾಮಿನ ಸಾಲುಗಳಿಗೆ ನಂಬರು ಹಾಕಬೇಕು ಎಂದಳು: ಹತ್ತು, ಇಪ್ಪತ್ತು, ಮೂವತ್ತು. "ಒಂದು, ಎರಡು, ಮೂರು ಅಂತ ಯಾಕ ಹಾಕಬಾರದ್ರಿ ಮೇಡಂ?" ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. "ಅದು ಪದ್ಧತಿ" ಎಂದಳು. ಗೊತ್ತಿಲ್ಲದ ಮಾಸ್ತರರಿಗೆ ಪದ್ಧತಿಯಷ್ಟು ದೊಡ್ಡ ಆಸರೆ ಬೇರೆ ಯಾವುದಿದೆ?

ಆ ಬೇಸಿಗೆ ಶಹಾಬಾದಿನ ಕಾಲೇಜೊಂದರಲ್ಲಿ ಮೌಲ್ಯಮಾಪನ ಕೇಂದ್ರ ತೆರೆದರು. ಹೊಸ ಪತ್ರಿಕೆ ತಿದ್ದಲು ಅನಸುಬಾಯಿಗೂ ಆದೇಶ ಬಂತು. ಅವಳಿನ್ನೂ ಪ್ರೊಬೇಷನ್ ಮೇಲಿದ್ದಳು. ಮೇಲಿನವರು ಅವಳ ಬಗ್ಗೆ ಒಂದು ಕೆಟ್ಟ ಮಾತು ಬರೆದರೆ ನೌಕರಿ ಕಾಯಂ ಆಗುವುದು ನಿಲ್ಲುತ್ತದೆ. ಆದೇಶ ಓದಿದ ದಿನ, ತಪ್ಪಿಸಿಕೊಳ್ಳಲು ದಾರಿಯಿದೆಯೇ ಎಂದು ಗಂಡನನ್ನು ಕೇಳಿದಳು.

"ಪರೀಕ್ಷಾ ಬರಿಯೋರು ಅಂಜೋದು ನೋಡೀನಿ. ತಿದ್ದೋರು ಅಂಜೋದು ಇದೇ ಮೊದಲು" ಎಂದು ಚಂದ್ರಾಮಪ್ಪ ನಕ್ಕ.

ನಗಲಿ ಪಾಪ. ಅವನಿಗೆ ಹಣಮಂತರಾಯರು ಗೊತ್ತಿರಲಿಲ್ಲ. ಹಣಮಂತರಾಯರು ಕೇಂದ್ರದ ಮುಖ್ಯ ಪರೀಕ್ಷಕರು. ಯಾವ ಪ್ರಶ್ನೆಯ ಯಾವ ಭಾಗಕ್ಕೆ ಎಷ್ಟು ಅಂಕ ಎಂಬ ಸ್ಕೀಮು ಬರೆದವರೂ ಅವರೇ. ಪ್ರತಿಯೊಬ್ಬರ ಕಟ್ಟಿನಿಂದ ಕೆಲವು ಉತ್ತರಪತ್ರಿಕೆ ಎಳೆದು ತಾವೇ ಮತ್ತೊಮ್ಮೆ ತಿದ್ದುತ್ತಿದ್ದರು. ಅಂಕದಲ್ಲಿ ಬಹಳ ಫರಕು ಕಂಡರೆ, ಆ ಪರೀಕ್ಷಕನನ್ನು ಎಲ್ಲರೂ ಕೂತು ತಿದ್ದುವ ಹಾಲ್‌ನ ನಡುವೆ ನಿಲ್ಲಿಸಿ, "ಏನ್ರೀ, ಕಣ್ಣು ಮನ್ಯಾಗ ಬಿಟ್ಟು ಬಂದೀರೇನು?" ಎನ್ನುತ್ತಿದ್ದರು. ಎರಡನೆಯ ಸಲ ಸಿಕ್ಕವನ ಹೆಸರು ಪರೀಕ್ಷಾ ಮಂಡಳಿಗೆ ಹೋಗುತ್ತಿತ್ತು.

ಸ್ಕೀಮಿನಲ್ಲಿ ಅವರು ಕೆಂಪಿನಲ್ಲಿ ಗೆರೆ ಹೊಡೆದ ಒಂದು ಮಾತಿತ್ತು: ಎಂಡ್ ನಂತರ ಬರೆದದ್ದಕ್ಕೆ ಅಂಕವಿಲ್ಲ. ಎಂಡ್ ಎಂದರೆ ಪ್ರೋಗ್ರಾಂ ಮುಗಿಯಿತು ಎನ್ನುವ ಸಾಲು. ಅದರ ಕೆಳಗೆ ಹುಡುಗರು ದೇವರ ಹೆಸರು, "ದಯವಿಟ್ಟು ಪಾಸು ಮಾಡಿರಿ", ಹಾಳುಮೂಳು ಏನೇನೋ ಬರೆಯುತ್ತಾರೆಂದು ಈ ಕಟ್ಟಪ್ಪಣೆ. ನೋಡಲು ಸರಿಯಾದ ಮಾತೇ. ಯಾರಿಗೂ ಅನುಮಾನ ಬರಲಿಲ್ಲ.

ಹತ್ತು ಸಂಖ್ಯೆಗಳನ್ನು ಪಡೆದು ಅವುಗಳ ಸರಾಸರಿ ತೋರಿಸುವ ಪ್ರೋಗ್ರಾಂ ಬರೆಯಿರಿ. ಇದು ಹದಿನೈದು ಅಂಕದ ಪ್ರಶ್ನೆ. ಒಂದು ಮಧ್ಯಾಹ್ನ ಅನಸುಬಾಯಿಯ ಕೈಗೆ ಬಂದ ಪತ್ರಿಕೆಯಲ್ಲಿ ಉತ್ತರ ಹೀಗಿತ್ತು:

10 LET S = 0
20 FOR I = 1 TO 10
30 LET S = S + X
40 NEXT I
50 PRINT S / 10
60 END
25 INPUT X

ಅವಳು ತನ್ನ ರೀತಿಯಲ್ಲೇ ಪರೀಕ್ಷಿಸಿದಳು. ಅವಳದೊಂದು ರೂಢಿಯಿತ್ತು: ಕಾಲ ಕೆಳಗಿನ ಶಹಾಬಾದಿ ಕಲ್ಲಿನ ಹಾಸಿನಲ್ಲಿ ಒಂದು ಚಪ್ಪಡಿಯನ್ನು S ಎಂದೂ ಪಕ್ಕದ ಚಪ್ಪಡಿಯನ್ನು X ಎಂದೂ ಕಲ್ಪಿಸಿಕೊಂಡು, ಒಂದೊಂದೇ ಸಾಲು ಓದುತ್ತ, ಯಾವ ಕಲ್ಲಿನ ಮೇಲೆ ಈಗ ಎಷ್ಟು ಬಿತ್ತು ಎಂದು ಮನಸ್ಸಿನಲ್ಲೇ ಇಡುವುದು. ಮೊದಲು S ಕಲ್ಲಿನ ಮೇಲೆ ಸೊನ್ನೆ. ಆಮೇಲೆ ಹತ್ತು ಸುತ್ತು ತಿರುಗಬೇಕು. ಪ್ರತಿ ಸುತ್ತಿಗೆ X ಕಲ್ಲಿನ ಮೇಲೆ ಇರುವುದನ್ನು S ಕಲ್ಲಿಗೆ ಕೂಡಿಸಬೇಕು. ಆದರೆ X ಕಲ್ಲಿನ ಮೇಲೆ ಏನಿದೆ? ಏನೂ ಇಲ್ಲ! ಸಂಖ್ಯೆ ಕೇಳುವ INPUT ಸಾಲೇ ಬಂದಿಲ್ಲ. ಹತ್ತು ಸುತ್ತು ತಿರುಗಿದರೂ ಸೊನ್ನೆಗೆ ಸೊನ್ನೆ. ಕೇಳುವ ಸಾಲು ಎಲ್ಲಿದೆ ಎಂದು ನೋಡಿದರೆ ಎಂಡ್‌ನ ಕೆಳಗೆ ಕೂತಿದೆ.

ಪಕ್ಕದ ಕುರ್ಚಿಯ ಸಾಯಬಣ್ಣ ಬಾಗಿ ನೋಡಿದ. ಚಿಂಚೋಳಿ ಕಡೆಯವನು, ನಗಿಸುವ ಮನುಷ್ಯ. "ನನ್ನ ಕಟ್ಟಿನ್ಯಾಗೂ ಇಂಥಾವು ಬಂದಾವ್ರಿ ಬಾಯಾರೆ. ಮದುವಿ ಮುಗದು ಮಂಟಪ ಬಿಚ್ಚಿದ ಮ್ಯಾಲ ಬೀಗರು ಬಂದಂಗ! ಹೊಡೀರಿ ಕಾಟು" ಎಂದ.

ಅನಸುಬಾಯಿ ಕಡೆಯ ಸಾಲಿನ ಮೇಲೆ ಕೆಂಪು ಗೆರೆ ಎಳೆದು ಕಾಟು ಹೊಡೆದಳು. ಸಂಖ್ಯೆಯೇ ಒಳಗೆ ಬಾರದ ಪ್ರೋಗ್ರಾಮಿಗೆ ಮೂರಕ್ಕಿಂತ ಹೆಚ್ಚು ಕೊಡಬಾರದು ಎಂದು ಸ್ಕೀಮು ಹೇಳುತ್ತಿತ್ತು. ಮೂರು ಕೊಟ್ಟಳು. ಕೂಡಿಸಿದರೆ ಒಟ್ಟು ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಅಯ್ಯೋ ಪಾಪ, ಒಂದೇ ಒಂದು ಸಾಲು ಮರೆತದ್ದಕ್ಕೆ ಇದರ ಬದುಕು ಹೋಯಿತಲ್ಲ ಎಂದು ಮರುಗಿದಳು. ಹೆಸರಿಲ್ಲದ, ಬರೀ ಗುಪ್ತ ಸಂಖ್ಯೆಯ ಪತ್ರಿಕೆ. ಯಾವ ಊರಿನದೋ, ಯಾರ ಮಗುವಿನದೋ. ಕಟ್ಟಿಗೆ ಸೇರಿಸಿ ದಾರ ಬಿಗಿದಳು.

ಮರುದಿನ ಮುಂಜಾನೆ ವಾಡಿಯಲ್ಲಿ ಎಕ್ಸ್‌ಪ್ರೆಸ್ ಹತ್ತಿದಳು. ಶಹಾಬಾದಿಗೆ ಹೋಗುವ ಕಾಯಂ ಮಂದಿಯೆಲ್ಲ ರಿಸರ್ವೇಶನ್ ಡಬ್ಬಿಯಲ್ಲೇ ಹತ್ತುವುದು, ಖಾಲಿ ಕಂಡಲ್ಲಿ ಕೂರುವುದು. ಹಗಲು ಹೊತ್ತಿನಲ್ಲಿ ಯಾರು ಕೇಳುತ್ತಾರೆ? ಅನಸುಬಾಯಿಯೂ ಕಿಟಕಿಯ ಪಕ್ಕ ಕೂತಳು. ಗಾಡಿ ಬಿಟ್ಟಿತು. ಆಗ ಏದುಸಿರು ಬಿಡುತ್ತ, ಟ್ರಂಕು ಹೊತ್ತ ಒಬ್ಬ ಮನುಷ್ಯ ಓಡಿ ಬಂದು ಹತ್ತಿ, ಅವಳ ಮುಂದೆ ನಿಂತ.

"ಏಳ್ರಿ ಬಾಯಾರೆ. ಇಪ್ಪತ್ತೈದು ನಂದು."

ಎದುರಿನ ಮುದುಕನಿಗೆ ಸಿಟ್ಟು ಬಂತು. "ಎಲ್ಲಾರೂ ಕುಂತ ಮ್ಯಾಲ ಕಡೀಗೆ ಬಂದು ಎಬ್ಬಸ್ತೀಯಲ್ಲೋ ಮಾರಾಯ!"

"ಕಡೀಗೆ ಬಂದ್ರೇನಾತು ಯಜ್ಜಾ? ಗಾಡಿ ಬಿಟ್ಟ ಮ್ಯಾಲ ಬಂದೀನಿ ಅಂತ ನನಗ ಡಬ್ಬಿ ಹಿಂದ ಜೋತುಬೀಳು ಅಂತೀಯೇನು? ನಂಬರ್ ಇದ್ದಲ್ಲಿ ಕುಂದ್ರೋದು."

ಅನಸುಬಾಯಿ ಎದ್ದಳು. ಎದ್ದವಳು ಹಾಗೇ ನಿಂತುಬಿಟ್ಟಳು. ಕಡೆಗೆ ಬಂದರೂ ನಂಬರ್ ಇದ್ದಲ್ಲಿ ಕೂರುವುದು. ಇಪ್ಪತ್ತೈದು. ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ. ತರಬೇತಿಯಲ್ಲಿ ಕಡೆಗೆ ಬರೆದ ಸಾಲು ನಡುವೆ ಹೋಗಿ ಕೂತಿತ್ತಲ್ಲ, ಅದು ಕಣ್ಣಿನ ತಪ್ಪಲ್ಲ! ಯಂತ್ರ ಕಾಗದ ಓದುವ ಹಾಗೆ ಮೇಲಿಂದ ಕೆಳಗೆ ಓದುವುದಿಲ್ಲ. ಯಾವ ಸಾಲನ್ನು ಯಾವಾಗ ಕೊಟ್ಟರೂ ಅದು ನಂಬರಿನ ಪ್ರಕಾರ ಜೋಡಿಸಿಕೊಳ್ಳುತ್ತದೆ. ಹತ್ತು ಹತ್ತು ಬಿಟ್ಟು ನಂಬರು ಹಾಕುವುದು ಪದ್ಧತಿಯಲ್ಲ, ಮರೆತ ಸಾಲಿಗೆ ಕಾದಿಟ್ಟ ಜಾಗ. ಆ ಮಗು ಒಂದು ಸಾಲು ಮರೆತಿತ್ತು ನಿಜ. ನೆನಪಾದ ಕೂಡಲೇ ಹೇಗೆ ಬರೆಯಬೇಕೋ ಹಾಗೇ ಬರೆದಿತ್ತು.

ಹದಿನೈದಕ್ಕೆ ಹದಿನೈದು ಕೊಡಬೇಕಾದ ಉತ್ತರ. ಒಟ್ಟು ನಲವತ್ತಮೂರು ಆಗಬೇಕಿತ್ತು. ನಾನು ನಪಾಸು ಮಾಡಿಬಿಟ್ಟೆ.

ಅವಳು ಕೈಗಡಿಯಾರ ನೋಡಿಕೊಂಡಳು. ಇವತ್ತು ಮಧ್ಯಾಹ್ನ ಮಂಡಳಿಯ ಜೀಪು ಬಂದು ಕಟ್ಟುಗಳನ್ನು ಒಯ್ಯುತ್ತದೆ. ಒಯ್ದ ಮೇಲೆ ಬ್ರಹ್ಮ ಬಂದರೂ ತೆರೆಯುವಂತಿಲ್ಲ. ಹೇಳಬೇಕಾದರೆ ಹಣಮಂತರಾಯರಿಗೆ ಹೇಳಬೇಕು. ಅವರದೇ ಸ್ಕೀಮು ತಪ್ಪು ಎಂದು, ಪ್ರೊಬೇಷನ್ ಮೇಲಿರುವವಳು, ಯಂತ್ರ ಮುಟ್ಟದವಳು! ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಶಹಾಬಾದಿನಲ್ಲಿ ಇಳಿಯುವಾಗ, ಸುಮ್ಮನಿರುವುದೇ ಸರಿ ಎಂದುಕೊಂಡಳು. ಕೇಂದ್ರದ ಗೇಟಿನ ಹತ್ತಿರ, ಆ ಮಗು ಈಗ ಏನು ಮಾಡುತ್ತಿರಬಹುದು ಎಂಬ ಯೋಚನೆ ಬಂತು. ಪಾಸಾಗುತ್ತೇನೆಂದು ಮನೆಯಲ್ಲಿ ಹೇಳಿರಬಹುದು. ಅಲ್ಲಿಂದ ಮುಂದೆ ಕಾಲುಗಳು ತಾವಾಗಿಯೇ ಮುಖ್ಯ ಪರೀಕ್ಷಕರ ಖೋಲಿಯ ಕಡೆ ನಡೆದವು.

ಹಣಮಂತರಾಯರು ಚಹಾ ಕುಡಿಯುತ್ತಿದ್ದರು. ಅನಸುಬಾಯಿ ಬಾಗಿಲ ಚೌಕಟ್ಟು ಹಿಡಿದುಕೊಂಡೇ ಹೇಳಿದಳು. ಮಾತು ಹಿಂದುಮುಂದಾಯಿತು. ಕಡೆಗೆ ಮೇಜಿನ ಮೇಲಿದ್ದ ಕಾಗದದ ಮೇಲೆ ಆ ಏಳು ಸಾಲು ಬರೆದು, ಇಪ್ಪತ್ತೈದರಿಂದ ಒಂದು ಬಾಣದ ಗುರುತು ಎಳೆದು ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ತೋರಿಸಿದಳು.

ಅವರು ಚಹಾದ ಬಸಿ ಕೆಳಗಿಟ್ಟರು. ಬಾಣದ ಗುರುತಿನ ಮೇಲೆ ಬೆರಳಾಡಿಸಿದರು. ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಷ್ಟು ಅಂಜಿಕೆಯಾಗುತ್ತಿರಲಿಲ್ಲ. ಎದ್ದು ಹೋಗಿ ಬಾಗಿಲು ಹಾಕಿದರು.

"ಯಾರಿಗರೆ ಹೇಳೀರೇನು?"

"ಇಲ್ರಿ ಸರ್."

"ನಾ ಯಂತ್ರದ ಮ್ಯಾಲ ಕೆಲಸ ಮಾಡೀನ್ರಿ. ಹಿಂಗ ನೂರು ಸಲ ಸಾಲು ಸೇರಿಸೀನಿ. ಕಾಗದ ಕೈಯಾಗ ಬಂದ ಕೂಡಲೇ ನಾನೂ ಪತ್ರಾ ಓದಿದಂಗ ಮ್ಯಾಲಿಂದ ಕೆಳಗ ಓದಿಬಿಟ್ಟೆ. ಹ್ಯಾಂಗ ಮರತೆ?" ಎಂದರು. ಆಮೇಲೆ ದನಿ ಬದಲಾಯಿತು. "ಇದು ಹೊರಗ ಹೋದರ ಮಂಡಳಿಯವರು ಸ್ಕೀಮು ಬರದವನ್ನ ಮೊದಲು ಹಿಡೀತಾರ. ಆಮ್ಯಾಲ ತಿದ್ದಿದವರನ್ನ. ನೀವು ಪ್ರೊಬೇಷನ್ ಮ್ಯಾಲ ಇದ್ದೀರಲ್ಲಾ?"

"ಹೌದ್ರಿ."

"ಒಂದೇ ಪೇಪರ್ ಅಲ್ಲೇನು? ಅಕ್ಟೋಬರದಾಗ ಮತ್ತ ಬರೀತಾರ ಬಿಡ್ರಿ."

ಅನಸುಬಾಯಿಗೆ ಕಣ್ಣೀರು ಬಂತು. ಆಯಿತು ಸರ್ ಎನ್ನಬೇಕೆಂದು ಬಾಯಿ ತೆರೆದಳು. ಬಂದ ಮಾತೇ ಬೇರೆ. "ಒಂದೇ ಅಲ್ರಿ ಸರ್. ಸಾಯಬಣ್ಣ ಅವರ ಕಟ್ಟಿನ್ಯಾಗೂ ಅವ ಅಂದ್ರು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಇನ್ನೊಬ್ಬರ ಹೆಸರನ್ನೂ ಎಳೆದುಬಿಟ್ಟೆನಲ್ಲ ಶಿವನೇ!

ಹಣಮಂತರಾಯರ ಮುಖ ಬಿಗಿಯಿತು. "ಹಂಗೇನು? ನಡೀರಿ, ಎಲ್ಲಾರ ಮುಂದ ಕೇಳತೀನಿ. ಯಾರೂ ಕೈ ಎತ್ತದಿದ್ದರ ಇದು ನಿಮ್ಮೊಬ್ಬರ ತಪ್ಪು. ಹಂಗಂತ ಬರದು ಕಳಸತೀನಿ" ಎಂದು ಮುಂದೆ ನಡೆದರು.

ಹಾಲ್‌ನಲ್ಲಿ ಫ್ಯಾನುಗಳ ಸದ್ದು, ಕಾಗದದ ಸದ್ದು. ಮುಖ್ಯ ಪರೀಕ್ಷಕರು ನಡುವೆ ನಿಂತದ್ದೇ ತಡ, ಎಲ್ಲ ಪೆನ್ನುಗಳೂ ನಿಂತವು. ಇವತ್ತು ಯಾರ ಪಾಳಿಯೋ ಎಂದು ಒಬ್ಬೊಬ್ಬರೂ ತಲೆ ತಗ್ಗಿಸಿದರು.

"ಎಂಡ್ ಆದ ಮ್ಯಾಲ ನಂಬರ್ ಹಾಕಿ ಬರದ ಸಾಲಿಗೆ ಕಾಟು ಹೊಡದವರು ಯಾರರೆ ಇದ್ದೀರೇನು? ಕೈ ಎತ್ರಿ."

ಯಾಕೆ ಕೇಳುತ್ತಾರೆ, ಹೊಡೆದದ್ದು ಒಳ್ಳೆಯದೋ ಕೆಟ್ಟದ್ದೋ, ಒಂದನ್ನೂ ಹೇಳಲಿಲ್ಲ. ಯಾರ ಕೈಯೂ ಏಳಲಿಲ್ಲ. ಸಾಯಬಣ್ಣ ತನ್ನ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ, ಅವನಿಗೂ ಅಂಜಿಕೆ. ಅವನನ್ನು ಏನೆಂದು ಅನ್ನುವುದು?

ಅನಸುಬಾಯಿ ಬಾಗಿಲಲ್ಲೇ ನಿಂತಿದ್ದಳು. ತೆಂಗಳಿಯ ಸಾಲೆಯಲ್ಲಿ ಎತ್ತದ ಕೈ, ತರಬೇತಿಯಲ್ಲಿ ಸೆರಗಿನೊಳಗೆ ಅಡಗಿದ ಕೈ. ಅದನ್ನು ಎತ್ತಿದಳು. ಎಲ್ಲರೂ ತಿರುಗಿ ನೋಡಿದರು. ಹುಟ್ಟಿದಾಗಿನಿಂದ ಯಾವುದಕ್ಕೆ ಅಂಜುತ್ತ ಬಂದಿದ್ದಳೋ ಅದೇ ಆಯಿತು. ಕೈ ಇಳಿಸಲಿಲ್ಲ.

ಹಣಮಂತರಾಯರು ಅವಳನ್ನು ನೋಡಿದರು, ಕೂತವರನ್ನು ನೋಡಿದರು, ಮತ್ತೆ ಅವಳ ಎತ್ತಿದ ಕೈಯನ್ನು ನೋಡಿದರು. ಆಮೇಲೆ ನಿಧಾನವಾಗಿ ತಮ್ಮ ಕೈಯನ್ನೂ ಎತ್ತಿದರು.

"ಹೊಡೀರಿ ಅಂತ ಸ್ಕೀಮಿನ್ಯಾಗ ಬರದಾಂವ ನಾನು" ಎಂದರು. ದನಿ ಬಿದ್ದುಹೋಗಿತ್ತು. "ಈ ಬಾಯಾರು ಹೇಳಿದ್ದು ಖರೆ ಅದ. ನಂಬರ್ ಎಲ್ಲಿ ಕರೀತದೋ ಆ ಸಾಲು ಅಲ್ಲಿ ಹೋಗತದ. ಕಟ್ಟು ಬಿಚ್ರಿ. ಈಗ ಕೈ ಎತ್ರಿ, ಯಾರ್‍ಯಾರು ಅದೀರಿ?"

ಮೊದಲು ಸಾಯಬಣ್ಣ. ಆಮೇಲೆ ಕಿಟಕಿಯ ಸಾಲಿನವರು. ಆಮೇಲೆ ಒಬ್ಬೊಬ್ಬರಾಗಿ ಬಹುತೇಕ ಎಲ್ಲರೂ.

ಕಟ್ಟು ಬಿಚ್ಚಿದರು. ಅನಸುಬಾಯಿ ತನ್ನ ಪತ್ರಿಕೆ ಹುಡುಕಿ, ಮೂರನ್ನು ಹೊಡೆದು ಹದಿನೈದು ಮಾಡಿ, ಪಕ್ಕದಲ್ಲಿ ಸಹಿ ಹಾಕಿದಳು. ಹಣಮಂತರಾಯರೂ ಕೆಳಗೆ ಸಹಿ ಹಾಕಿದರು. ಒಟ್ಟು ನಲವತ್ತಮೂರು. ಜೀಪಿನವನು ಹೊರಗೆ ಹಾರ್ನ್ ಹೊಡೆಯುತ್ತಲೇ ಇದ್ದ. ಹೊಡೆದುಕೊಳ್ಳಲಿ.

ಆಗ ಸಾಯಬಣ್ಣ ಮೆಲ್ಲಗೆ ಕೇಳಿದ: "ಬಾಯಾರೆ, ಮೊನ್ನಿ ಜೀಪಿನ್ಯಾಗ ಹೋದ ಕಟ್ಟುಗಳು?"

ಅನಸುಬಾಯಿ ಪೆನ್ನು ಕೆಳಗಿಟ್ಟಳು. ಕೇಂದ್ರ ತೆರೆದ ಮೊದಲ ದಿನಗಳ ಕಟ್ಟುಗಳು ಆಗಲೇ ಹೋಗಿದ್ದವು. ಅವುಗಳಲ್ಲಿ ತಾನು ಎಷ್ಟು ಸಾಲುಗಳಿಗೆ ಕಾಟು ಹೊಡೆದೆ? ಒಂದೂ ಇರಲಿಲ್ಲವೇ? ನೆನಪಿಗೆ ಬರಲಿಲ್ಲ. ಹಣಮಂತರಾಯರು ಅಂದೇ ಮಂಡಳಿಗೆ ಬರೆದರು, ತಪ್ಪು ನನ್ನದು ಎಂದೇ ಬರೆದರು. ಹೋದ ಕಟ್ಟು ಮತ್ತೆ ತೆರೆಯಲು ಅವಕಾಶವಿಲ್ಲ ಎಂದು ಉತ್ತರ ಬಂತು. ಅವರ ಮುಖ್ಯ ಪರೀಕ್ಷಕತನ ಹೋಯಿತು. ಅನಸುಬಾಯಿಯ ನೌಕರಿ ಉಳಿಯಿತು, ಕಾಯಂ ಆಗುವುದು ಮಾತ್ರ ಒಂದು ವರ್ಷ ಹಿಂದೆ ಬಿತ್ತು.

ಅದರಿಂದೀಚೆಗೆ ಅವಳ ಅಂಜಿಕೆ ಜಾಗ ಬದಲಿಸಿತು. ಪ್ರಿನ್ಸಿಪಾಲರಿಗೆ ಅಂಜುವುದು ಬಿಟ್ಟಳು. ಕಂಪ್ಯೂಟರ್ ಬೇಕು ಎಂದು ಅವರ ಮೇಜಿನ ಮುಂದೆ ನಿಂತು ಜಗಳವಾಡುವಷ್ಟು ಬಿಟ್ಟಳು. ಅಂಜುತ್ತಿದ್ದದ್ದು ನಪಾಸಾಗಿ ಮತ್ತೆ ಪರೀಕ್ಷೆ ಕಟ್ಟಿದ ಮಕ್ಕಳಿಗೆ. ಅಂಥವರಿಗೆಂದು ಪಾಠ ಇಟ್ಟಾಗಲೆಲ್ಲ ಒಬ್ಬೊಬ್ಬರನ್ನೂ ಎಬ್ಬಿಸಿ ಕೇಳುತ್ತಿದ್ದಳು: "ಪರೀಕ್ಷಾದಾಗ ಎಂಡ್ ಆದ ಮ್ಯಾಲ ಯಾವುದರೆ ಸಾಲು ಬರದಿದ್ದಿರೇನು?" ಇಲ್ರಿ ಎಂದರೆ ಉಸಿರು ಬಿಡುತ್ತಿದ್ದಳು. ನೆನಪಿಲ್ರಿ ಎಂದರೆ ಅಂದು ರಾತ್ರಿ ನಿದ್ದೆಯಿಲ್ಲ. ಮೇಡಂಗೆ ಇದೆಂಥಾ ಹುಚ್ಚು ಎಂದು ಹುಡುಗರು ನಗುತ್ತಿದ್ದರು.

ಮರುವರ್ಷದ ಒಂದು ದಿನ ಕೋಡ್ಲಾದ ಗುಂಡಮ್ಮ ಎದ್ದು ನಿಂತಳು. ತೆಳ್ಳನೆಯ ಹುಡುಗಿ, ತಲೆ ಎತ್ತಿ ಮಾತಾಡದವಳು. ಒಂದು ವರ್ಷ ಮನೆಯಲ್ಲಿ ಕೂತಿದ್ದಳು. ಇನ್ನು ಓದಿದ್ದು ಸಾಕು ಎಂದು ಮನೆಯವರು ಅನ್ನುತ್ತಿದ್ದಾರೆಂದೂ ಈ ಸಲ ಆಗದಿದ್ದರೆ ಬಿಡಿಸುತ್ತಾರೆಂದೂ ಅವಳ ಗೆಳತಿಯರು ಹೇಳಿದ್ದರು.

"ಬರದಿದ್ದೆ ರೀ" ಎಂದಳು ಗುಂಡಮ್ಮ. ಕೇಳಿಸುವುದೇ ಕಷ್ಟವಾಗುವಷ್ಟು ಸಣ್ಣ ದನಿ. "ಇನ್‌ಪುಟ್ ಸಾಲು ಮರತಿದ್ದೆ. ಕಡೀಗೆ ನೆನಪಾತು. ಇಪ್ಪತ್ತೈದು ಅಂತ ನಂಬರ್ ಹಾಕಿ ಕೆಳಗ ಬರದೆ. ಹಂಗ ಬರದದ್ದೇ ತಪ್ಪಾಗೇದ ಅಂತ ಆಮ್ಯಾಲ ತಿಳೀತ್ರಿ. ಈ ಸಲ ಒಂದು ಸಾಲೂ ಮರೀಬಾರದು ಅಂತ ಎಲ್ಲಾ ಬಾಯಿಪಾಠ ಮಾಡೀನ್ರಿ ಮೇಡಂ. ಮತ್ತ ಅಂಥಾ ತಪ್ಪು ಮಾಡಂಗಿಲ್ರಿ."

ಅನಸುಬಾಯಿ ಮೇಜಿನ ಅಂಚು ಹಿಡಿದಳು. ಆ ಕಾಟು ತನ್ನ ಕೆಂಪು ಪೆನ್ನಿನದೋ, ಇನ್ನೊಬ್ಬರದೋ, ಎಂದೂ ಗೊತ್ತಾಗುವುದಿಲ್ಲ. ವರ್ಗವೆಲ್ಲ ಅನಸುಬಾಯಿಯನ್ನೇ ನೋಡುತ್ತಿತ್ತು.

"ನೀ ಬರದದ್ದು ತಪ್ಪಲ್ಲ, ಬರೋಬ್ಬರಿ ಇತ್ತು, ಗುಂಡಮ್ಮ. ನಮಗ ಓದಲಿಕ್ಕ ಬರಲಿಲ್ಲ" ಎಂದಳು.

ಹುಡುಗಿಗೆ ಅರ್ಥವಾಗಲಿಲ್ಲ. ತಾನು ಮತ್ತೇನೋ ತಪ್ಪು ಹೇಳಿದೆನೇನೋ ಎಂದು ಅಂಜಿ, ಕೂರಲೂ ಆಗದೆ ನಿಲ್ಲಲೂ ಆಗದೆ, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.